ಆರನೆಯ ಸಾಲಿನಿಂದ ಆರಂಭವಾಗುವ ಷಟ್ಪದಿ

ಷಟ್ಪದಿಯ ಆರು ಸಾಲುಗಳು ಒಂದೇ ಅಳತೆಯವಲ್ಲ. ಮೊದಲ ಎರಡು ಗಿಡ್ಡ, ಮೂರನೆಯದು ಉದ್ದ. ಮತ್ತೆ ಎರಡು ಗಿಡ್ಡ, ಆರನೆಯದು ಉದ್ದ. ಉದ್ದ ಸಾಲಿನ ಅಳತೆ ಗಿಡ್ಡ ಸಾಲಿನ ಒಂದೂವರೆಯಷ್ಟು, ಅದರ ಮೇಲೆ ಕೊನೆಯಲ್ಲಿ ಒಂದು ಗುರು. ಆ ಗುರುವಿನ ಮೇಲೆ ದನಿ ನಿಲ್ಲುತ್ತದೆ, ಓದುವವರು ಉಸಿರು ತೆಗೆದುಕೊಳ್ಳುತ್ತಾರೆ. ಹೀಗೆ ಪದ್ಯ ತಾನಾಗಿಯೇ ಎರಡು ಅರ್ಧಗಳಾಗುತ್ತದೆ. ಮೂರನೆಯ ಸಾಲಿನಲ್ಲಿ ಒಂದು ಮಾತು ಹೇಳಿ ನಿಲ್ಲುತ್ತೇವೆ, ಆರನೆಯದರಲ್ಲಿ ಅದಕ್ಕೆ ಎದುರು ಮಾತು ಸಿಗುತ್ತದೆ.

ಭಕ್ತಿಪದ್ಯ ಬರೆಯಲು ಕೂತವರು ಸಾಮಾನ್ಯವಾಗಿ ಮೊದಲ ಸಾಲಿನಿಂದ ಹೊರಡುತ್ತಾರೆ. ದೇವರ ಹೆಸರು, ವಾಹನ, ಕೈಯಲ್ಲಿ ಹಿಡಿದ ಆಯುಧ, ನೆಲೆಸಿದ ಊರು, ಇವೆಲ್ಲ ಐದು ಸಾಲುಗಳಲ್ಲಿ ಮುಗಿದುಹೋಗುತ್ತವೆ. ಅತಿ ಉದ್ದವಾದ, ಅತಿ ಭಾರವಾದ ಆರನೆಯ ಸಾಲಿಗೆ ಬರುವಾಗ ಹೇಳಲು ಏನೂ ಉಳಿದಿರುವುದಿಲ್ಲ. ಆಗ ‘ಅನುದಿನ’, ‘ಸಂತತ’, ‘ಭಕುತಿಯಿಂದಲಿ’ ಎಂಬ ಮಾತುಗಳನ್ನು ತುಂಬಿ ಮಾತ್ರೆ ಸರಿಮಾಡುತ್ತಾರೆ. ಪದ್ಯ ನಿಲ್ಲಬೇಕಾದ ಜಾಗದಲ್ಲೇ ಟೊಳ್ಳಾಗುತ್ತದೆ. ಇದಕ್ಕೆ ನಾನು ಕಂಡುಕೊಂಡ ದಾರಿ ಒಂದೇ: ನೀತಿಯಿರುವ ಕೊನೆಯ ಪದ್ಯದ ಆರನೆಯ ಸಾಲನ್ನು ಎಲ್ಲಕ್ಕಿಂತ ಮೊದಲು ಬರೆಯುವುದು, ಉಳಿದ ಪದ್ಯಗಳನ್ನೆಲ್ಲ ಅದರ ಕಡೆಗೆ ನಡೆಸುವುದು. ನಾಲ್ಕು ಪದ್ಯಗಳ ಒಂದು ಪುಟ್ಟ ಕಥನವನ್ನು ಹಾಗೆ ಕಟ್ಟುವುದು ಹೇಗೆಂದು ಇಲ್ಲಿ ಹಂತಹಂತವಾಗಿ ನೋಡೋಣ.

ಮೊದಲು ಅಳತೆಯ ಆಯ್ಕೆ. ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ ಎಂದು ಷಟ್ಪದಿಗಳು ಆರು. ರಾಘವಾಂಕ ‘ಹರಿಶ್ಚಂದ್ರ ಕಾವ್ಯ’ವನ್ನು ಬರೆದದ್ದು ವಾರ್ಧಕದಲ್ಲಿ. ಕುಮಾರವ್ಯಾಸನ ಭಾರತವೂ ಕನಕದಾಸರ ‘ಹರಿಭಕ್ತಿಸಾರ’ವೂ ಇರುವುದು ಭಾಮಿನಿಯಲ್ಲಿ. ಭಾಮಿನಿಯಲ್ಲಿ ಮೂರು ಮಾತ್ರೆಯ ಗಣ, ನಾಲ್ಕು ಮಾತ್ರೆಯ ಗಣ ಒಂದಾದ ಮೇಲೊಂದು ಬರುವುದರಿಂದ ಹೊಸಬರ ಕೈ ತಪ್ಪುವುದು ಹೆಚ್ಚು. ವಾರ್ಧಕದ ಉದ್ದ ಸಾಲಿಗೆ 32 ಮಾತ್ರೆ ಬೇಕು, ಅಷ್ಟನ್ನು ತುಂಬುವಷ್ಟು ಸರಕು ಪುಟ್ಟ ಕತೆಯಲ್ಲಿ ಇರುವುದಿಲ್ಲ. ಹಾಗಾಗಿ ನಮ್ಮ ಕೆಲಸಕ್ಕೆ ಭೋಗ ಷಟ್ಪದಿ ಒಳ್ಳೆಯದು. ಅದರಲ್ಲಿರುವುದು ಮೂರು ಮಾತ್ರೆಯ ಗಣವೊಂದೇ. ಗಿಡ್ಡ ಸಾಲಿಗೆ ಅಂಥವು ನಾಲ್ಕು, ಒಟ್ಟು 12 ಮಾತ್ರೆ. ಉದ್ದ ಸಾಲಿಗೆ ಆರು ಗಣ, ಮೇಲೊಂದು ಗುರು, ಒಟ್ಟು 20 ಮಾತ್ರೆ. ಶಾಲೆಯಲ್ಲಿ ಕಲಿತ ಮುಪ್ಪಿನ ಷಡಕ್ಷರಿಯ ‘ತಿರುಕನ ಕನಸು’ ಯಾರಿಗಾದರೂ ಬಾಯಲ್ಲಿ ಉಳಿದಿದ್ದರೆ ಅವರಿಗೆ ಭೋಗದ ನಡೆ ಆಗಲೇ ಗೊತ್ತಿದೆ. ಕತೆಯನ್ನೂ ನೀತಿಯನ್ನೂ ಒಟ್ಟಿಗೆ ಹೊರಲು ಈ ಅಳತೆಗೆ ಆಗುತ್ತದೆ ಎಂಬುದಕ್ಕೆ ಆ ಪದ್ಯವೇ ಸಾಕ್ಷಿ.

ಮಾತ್ರೆ ಎಣಿಸುವ ಕ್ರಮ ಬಹುಮಂದಿಗೆ ನೆನಪಿರುತ್ತದೆ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘ ಸ್ವರ, ಐ, ಔ, ಸೊನ್ನೆ ಅಥವಾ ವಿಸರ್ಗ ಇರುವ ಅಕ್ಷರ, ಮುಂದೆ ಒತ್ತಕ್ಷರ ಬಂದ ಅಕ್ಷರ, ಇವೆಲ್ಲ ಗುರು, ಎರಡು ಮಾತ್ರೆ. ಪದ್ಯಾರ್ಧದ ಕೊನೆಯಲ್ಲಿ ನಿಲ್ಲುವ ಅಕ್ಷರ ಹ್ರಸ್ವವಾಗಿದ್ದರೂ ಅದನ್ನು ಗುರುವೆಂದೇ ಎಣಿಸುತ್ತಾರೆ. ‘ಸಂಜೆ’ ಮೂರು ಮಾತ್ರೆ, ‘ಹಣತೆ’ ಮೂರು ಮಾತ್ರೆ. ಎರಡೂ ಭೋಗದ ಗಣಗಳೇ.

ಆದರೆ ಎಣಿಕೆ ಸರಿಯಾದರೆ ಸಾಲದು. ‘ಸಮೀಪದಲ್ಲಿ ದೇಗುಲ’ ಎಂದು ಒಂದು ಸಾಲು ಬರೆದೆವೆನ್ನಿ. ಕೊನೆಯ ಅಕ್ಷರವನ್ನು ಎಳೆದು ಎಣಿಸಿದರೆ 12 ಮಾತ್ರೆ ಆಗುತ್ತದೆ. ಆದರೆ ಗಣ ಬಿಡಿಸಿದರೆ ಸಮೀ, ಪದಲ್, ಲಿದೇ, ಗುಲ. ಪ್ರತಿಯೊಂದೂ ಲಘುವಿನಿಂದ ಶುರುವಾಗಿ ಗುರುವಿಗೆ ಏರುತ್ತದೆ. ಭೋಗದ ತಾಳದಲ್ಲಿ ಒತ್ತು ಬೀಳುವುದು ಗಣದ ಮೊದಲ ಮಾತ್ರೆಯ ಮೇಲೆ, ಇಲ್ಲಿ ಭಾರವಿರುವುದು ಎರಡನೆಯದರ ಮೇಲೆ. ತೊಡೆಯ ಮೇಲೆ ಕೈಯಿಂದ ತಾಳ ಹಾಕುತ್ತ ಓದಿದರೆ ಕೈ ಬಿದ್ದಲ್ಲಿ ಮಾತು ಏಳುವುದಿಲ್ಲ, ಮಾತು ಎದ್ದಲ್ಲಿ ಕೈ ಇರುವುದಿಲ್ಲ. ಮಾತ್ರಾಗಣ ಲಘು-ಗುರುವಿನಿಂದ ಆರಂಭವಾಗಬಾರದೆಂಬ ನಿಯಮದ ಕಾರಣ ಇದೇ. ಹಾಗೆಂದು ‘ಸಮೀಪ’ ಎಂಬ ಪದವನ್ನೇ ಬಿಡಬೇಕಿಲ್ಲ. ಅದರ ಮುಂದೆ ಎರಡು ಲಘು ಇಟ್ಟರೆ ‘ಗುಡಿಸ | ಮೀಪ’ ಎಂದು ಒಡೆದು ಎರಡೂ ಗಣ ನೆಟ್ಟಗಾಗುತ್ತವೆ. ಪದ ಒಂದು ಗಣದಲ್ಲಿ ಹುಟ್ಟಿ ಇನ್ನೊಂದರಲ್ಲಿ ಮುಗಿಯುವುದಕ್ಕೆ ಷಟ್ಪದಿಯಲ್ಲಿ ಯಾವ ಅಡ್ಡಿಯೂ ಇಲ್ಲ.

ಭಕ್ತಿಪದ್ಯಕ್ಕೇ ವಿಶೇಷವಾದ ಇನ್ನೊಂದು ತೊಡಕನ್ನು ಇಲ್ಲೇ ಹೇಳಬೇಕು. ದೇವರ ಸುತ್ತಲಿನ ಪದಗಳಲ್ಲಿ ಬಹಳಷ್ಟು ಒತ್ತಕ್ಷರದಿಂದ ಶುರುವಾಗುತ್ತವೆ: ಶ್ರೀ, ಸ್ವಾಮಿ, ಪ್ರಭು, ಜ್ಯೋತಿ, ಸ್ಮರಣೆ. ಇವುಗಳ ಹಿಂದೆ ಲಘುವಿದ್ದರೆ, ಒತ್ತಿ ಓದುವಾಗ ಆ ಲಘು ಗುರುವಾಗಿಬಿಡುತ್ತದೆ. ಕಾಗದದ ಮೇಲೆ ಸರಿಯಿದ್ದ ಸಾಲು ಬಾಯಲ್ಲಿ ಒಂದು ಮಾತ್ರೆ ಬೆಳೆಯುತ್ತದೆ. ಇಂಥ ಪದವನ್ನು ಸಾಲಿನ ಮೊದಲಲ್ಲಿಟ್ಟರೆ ತೊಂದರೆ ತಪ್ಪುತ್ತದೆ. ಇಲ್ಲದಿದ್ದರೆ ಜ್ಯೋತಿಯ ಬದಲು ಸೊಡರು, ಪ್ರಭುವಿನ ಬದಲು ಒಡೆಯ ಎಂದರೆ ಪದ್ಯಕ್ಕೆ ನಷ್ಟವೇನಿಲ್ಲ. ನನ್ನ ಕಿವಿಗಂತೂ ಅದು ಲಾಭವೇ.

ಇನ್ನು ಪ್ರಾಸ. ಹಳೆಯ ಷಟ್ಪದಿಕಾರರು ಕಡ್ಡಾಯವಾಗಿ ಪಾಲಿಸಿದ್ದು ಆದಿಪ್ರಾಸ. ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಅದರ ಹಿಂದಿನ ಅಕ್ಷರ ಆರರಲ್ಲೂ ಲಘುವಾಗಿರಬೇಕು, ಇಲ್ಲವೇ ಆರರಲ್ಲೂ ಗುರುವಾಗಿರಬೇಕು. ಹಿಂದಿನದು ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ ಎಂದು ಲಾಕ್ಷಣಿಕರು ಹೆಸರಿಟ್ಟಿದ್ದಾರೆ. ಸಾಲಿನ ಕೊನೆಯ ಪ್ರಾಸ ಷಟ್ಪದಿಗೆ ಕಡ್ಡಾಯವಾಗಿರಲಿಲ್ಲ. ಹಾಗೆಂದು ಅದು ಕನ್ನಡಕ್ಕೆ ಹೊರಗಿನದೂ ಅಲ್ಲ, ಹರಿಹರನ ರಗಳೆಗಳಲ್ಲಿ ಜೋಡಿ ಸಾಲುಗಳು ಕೊನೆಯಲ್ಲೂ ಕೂಡುತ್ತವೆ. 20ನೆಯ ಶತಮಾನದ ಆರಂಭದಲ್ಲಿ ಮಂಜೇಶ್ವರದ ಗೋವಿಂದ ಪೈ ಆದಿಪ್ರಾಸವನ್ನು ಬಿಟ್ಟು ಬರೆಯುವ ಧೈರ್ಯ ಮಾಡಿದರು. ಅಲ್ಲಿಂದೀಚೆಗೆ ಅಂತ್ಯಪ್ರಾಸವೇ ಕನ್ನಡ ಕಿವಿಗೆ ಹೆಚ್ಚು ಪರಿಚಿತವಾಗಿದೆ.

ಷಟ್ಪದಿಯ ಆಕಾರಕ್ಕೆ ಒಪ್ಪುವ ಅಂತ್ಯಪ್ರಾಸದ ವಿನ್ಯಾಸ ಅದರ ಹೊಟ್ಟೆಯಲ್ಲೇ ಇದೆ. ಒಂದನೆಯ ಸಾಲಿಗೆ ಎರಡನೆಯದು ಜೋಡಿ, ನಾಲ್ಕನೆಯದಕ್ಕೆ ಐದನೆಯದು ಜೋಡಿ, ಮೂರನೆಯದಕ್ಕೆ ಆರನೆಯದು ಜೋಡಿ. ಗಿಡ್ಡ ಸಾಲುಗಳ ಪ್ರಾಸ ತಕ್ಷಣ ಕೂಡಿ ಮುಗಿಯುತ್ತದೆ. ಮೂರನೆಯ ಸಾಲಿನದು ಮಾತ್ರ ಜೊತೆಯಿಲ್ಲದೆ ಕಾಯುತ್ತದೆ, ನಡುವೆ ಇನ್ನೊಂದು ಜೋಡಿ ಬಂದುಹೋದ ಮೇಲೆ ಆರನೆಯ ಸಾಲಿನಲ್ಲಿ ಉತ್ತರ ಕೇಳಿಸುತ್ತದೆ. ಆ ಕಾಯುವಿಕೆಯಿಂದಲೇ ಕೊನೆಯ ಮಾತಿಗೆ ತೂಕ ಬರುತ್ತದೆ. ಆರೂ ಸಾಲಿಗೆ ಒಂದೇ ಪ್ರಾಸವಿಟ್ಟರೆ ಮೂರನೆಯ ಸಾಲಿನ ಹೊತ್ತಿಗೇ ಕಿವಿ ದಣಿಯುತ್ತದೆ, ಕೊನೆಯದು ಬಂದದ್ದೇ ಗೊತ್ತಾಗುವುದಿಲ್ಲ.

ಈಗ ಬರವಣಿಗೆ. ವಸು ಒಂದು ಘಟನೆಯಾಗಿದ್ದರೆ ನೀತಿಗೆ ನೆಲೆ ಸಿಗುತ್ತದೆ. ಕಾರ್ತಿಕ ಮಾಸದ ದೀಪೋತ್ಸವದ ಸಂಜೆಯನ್ನು ತೆಗೆದುಕೊಳ್ಳೋಣ. ಒಬ್ಬ ಅಜ್ಜಿ ಸಾಲದ ಎಣ್ಣೆಯಲ್ಲಿ ದೀಪ ಹಚ್ಚಿ ಗುಡಿಗೆ ಹೊರಟಿದ್ದಾಳೆ. ದಾರಿಯಲ್ಲಿ ಒಬ್ಬ ಹುಡುಗನ ಹಣತೆ ಆರಿಹೋಗಿದೆ. ಅವನಿಗೆ ಬೆಳಕು ಕೊಡಬೇಕಾದರೆ ಗಾಳಿಗೆ ಅಡ್ಡವಾಗಿಟ್ಟ ಕೈಯನ್ನು ಅವಳು ತೆಗೆಯಬೇಕು. ತೆಗೆದರೆ ತನ್ನ ದೀಪವೂ ಆರಬಹುದು. ಕತೆ ಇಷ್ಟೇ. ಇದರಲ್ಲಿ ಕೊಡುವುದಕ್ಕೊಂದು ಅಪಾಯವಿದೆ, ಆ ಅಪಾಯವಿಲ್ಲದೆ ನೀತಿಗೆ ಬೆಲೆ ಬರುವುದಿಲ್ಲ.

ನೀತಿಯ ಸಾಲಿಗೆ ಮೊದಲು ಹೊಳೆಯುವುದು ಇಂಥದ್ದು: ‘ದಾನವನ್ನು ಮಾಡಬೇಕು ಎಲ್ಲ ಮನುಜರು’. ಗಣ ಬಿಡಿಸಿ ನೋಡಿ: ದಾನ | ವನ್ನು | ಮಾಡ | ಬೇಕು | ಎಲ್ಲ | ಮನುಜ | ರು. ಛಂದಸ್ಸಿನಲ್ಲಿ ಒಂದು ಕೂದಲಷ್ಟೂ ತಪ್ಪಿಲ್ಲ. ಆದರೂ ಇದು ನಮ್ಮ ಪದ್ಯದ ಸಾಲಲ್ಲ. ಅಜ್ಜಿ, ಹುಡುಗ, ಹಣತೆ ಯಾರೂ ಇಲ್ಲದೆಯೂ ಇದನ್ನು ಹೇಳಬಹುದು, ಯಾವ ಕತೆಯ ಬಾಲಕ್ಕಾದರೂ ಕಟ್ಟಬಹುದು. ನೀತಿಯ ಸಾಲನ್ನು ಪರೀಕ್ಷಿಸುವ ಬಗೆ ಇದೇ: ಅದನ್ನು ಕತ್ತರಿಸಿ ಬೇರೆ ಕತೆಗೆ ಅಂಟಿಸಿ ನೋಡುವುದು. ಅಂಟಿಕೊಂಡರೆ ಅದು ನಮ್ಮದಲ್ಲ. ಇನ್ನೊಂದು ದೋಷ, ‘ಮಾಡಬೇಕು’ ಎಂಬ ಅಪ್ಪಣೆ. ಭಕ್ತಿಪದ್ಯದಲ್ಲಿ ಕವಿ ನಿಂತಿರುವುದು ದೇವರ ಎದುರಿಗೆ, ಕೇಳುಗರ ಮೇಲೆ ಬೆರಳು ತೋರಿಸುತ್ತ ಅಲ್ಲ. ನೀತಿಯನ್ನು ದೇವರಿಗೆ ಹೇಳಿದಂತೆ ಹೇಳಿದರೆ ಅದು ಕೇಳುಗರಿಗೂ ತಲುಪುತ್ತದೆ.

ಹಾಗಾದರೆ ಈ ಕತೆಯೊಳಗಿನಿಂದಲೇ ಬರುವ ಮಾತು ಯಾವುದು? ಎಣ್ಣೆ ತೀರುತ್ತದೆ, ಹಣತೆ ಒಡೆಯುತ್ತದೆ. ಒಂದು ಕುಡಿಯಿಂದ ಇನ್ನೊಂದಕ್ಕೆ ದಾಟಿದ ಬೆಳಕು ಮಾತ್ರ ಉಳಿಯುತ್ತದೆ. ಇದು ಭೋಗದ ಅಳತೆಗೆ ಹೀಗೆ ಬರುತ್ತದೆ:

ಉಳಿವು | ದೊಂದೆ | ಹಂಚಿ | ಕೊಂಡ | ಬೆಳಕಿ | ನಾಸ | ರೆ

ಆರು ಗಣ, ಒಂದು ಗುರು. ಈ ಒಂದು ಸಾಲು ಸಿಕ್ಕಿದ್ದರಿಂದ ಕೊನೆಯ ಪದ್ಯದ ಎರಡು ಕಟ್ಟುಗಳು ಗೊತ್ತಾದವು. ಎರಡನೆಯ ಅಕ್ಷರ ‘ಳ’, ಅದರ ಹಿಂದೆ ಲಘು, ಆದ್ದರಿಂದ ಆರೂ ಸಾಲು ‘ಒಳಗೆ, ಕಳೆ, ಹೊಳೆ, ಅಳೆ’ ಎಂಬಂಥ ಪದಗಳಿಂದಲೇ ಎದ್ದೇಳಬೇಕು. ಕೊನೆಯಲ್ಲಿ ‘ಆಸರೆ’, ಆದ್ದರಿಂದ ಮೂರನೆಯ ಸಾಲಿನ ಕೊನೆಗೆ ‘ಸರೆ’ ಎಂದು ಮುಗಿಯುವ ಪದ ಬೇಕು. ಅಂಥ ಪದಗಳು ಕನ್ನಡದಲ್ಲಿ ಕಡಿಮೆ. ಹುಡುಕುತ್ತ ಹೋದಾಗ ಸಿಕ್ಕಿದ್ದು ‘ನೇಸರೆ’, ಸೂರ್ಯನನ್ನು ಕರೆಯುವ ಮಾತು. ಪ್ರಾಸಕ್ಕಾಗಿ ಬಂದ ಈ ಪದವೇ ದೇವರ ರೂಪವನ್ನು ತೀರ್ಮಾನಿಸಿತು. ಹಣತೆಗಳೆಲ್ಲದರ ಒಡೆಯನಾದ, ಜಗತ್ತಿನ ಬೆಳಕಾದ ದೇವರು ಎಂಬ ಕಲ್ಪನೆ ಮೊದಲು ನನ್ನ ಮನಸ್ಸಿನಲ್ಲಿ ಇರಲಿಲ್ಲ. ಪ್ರಾಸ ಕವಿಯನ್ನು ಕಟ್ಟಿಹಾಕುತ್ತದೆ ಎಂಬ ದೂರು ಹಳೆಯದು. ಕಟ್ಟಿದ ಕಡೆಯೇ ಅದು ಹೊಸ ಬಾಗಿಲನ್ನೂ ತೆರೆಯುತ್ತದೆ ಎಂಬುದು ಬರೆಯುವಾಗಲೇ ಅನುಭವಕ್ಕೆ ಬರುವಂಥದ್ದು.

ಕೊನೆಯ ಪದ್ಯದ ಉಳಿದ ಸಾಲುಗಳನ್ನು ಆಮೇಲೆ ನೋಡೋಣ. ಗುರಿ ಕಂಡಿದೆ, ಇನ್ನು ಕತೆಯನ್ನು ಮೊದಲಿನಿಂದ ಹೊರಡಿಸಬಹುದು. ಮೊದಲ ಪದ್ಯದ ಉದ್ದ ಸಾಲುಗಳನ್ನು ನಾನು ಹೀಗೆ ಬರೆದುಕೊಂಡಿದ್ದೆ: ಮೂರನೆಯದು ‘ಗಾಳಿ ಬರಲು ಕೈಯನೊಡ್ಡಿ ಮುದುಕಿ ನಡೆದಳು’, ಆರನೆಯದು ‘ಏಳು ಮನೆಯ ದಾಟಿ ಗುಡಿಗೆ ಹಣತೆ ಹಿಡಿದಳು’. ಮಾತ್ರೆ ಸರಿ, ಪ್ರಾಸವೂ ಇದ್ದಂತೆ ಕಾಣುತ್ತದೆ. ಆದರೆ ‘ನಡೆದಳು’, ‘ಹಿಡಿದಳು’ ಇವೆರಡರಲ್ಲಿ ಕೂಡುತ್ತಿರುವುದು ‘ದಳು’ ಎಂಬ ಪ್ರತ್ಯಯ ಮಾತ್ರ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ, ಕ್ರಿಯಾಪದ ಲಿಂಗ-ವಚನದ ಪ್ರತ್ಯಯದಲ್ಲಿ ಮುಗಿಯುತ್ತದೆ. ಅಜ್ಜಿಯ ಬಗ್ಗೆ ಬರೆದ ಯಾವ ಎರಡು ವಾಕ್ಯಗಳಾದರೂ ಕೊನೆಯಲ್ಲಿ ತಾವಾಗಿಯೇ ಕೂಡುತ್ತವೆ. ಪುಕ್ಕಟೆಯಾಗಿ ಸಿಗುವ ಈ ಪ್ರಾಸದಲ್ಲಿ ಕಿವಿಗೆ ಯಾವ ಅಚ್ಚರಿಯೂ ಇಲ್ಲ. ‘ಬಂದನು-ನಿಂದನು’ ಎಂಬ ಜೋಡಿಯಲ್ಲಿ ಧಾತುವೂ ಕೂಡುತ್ತದೆ, ಅದು ಪರವಾಗಿಲ್ಲ. ‘ಬಂದನು-ಹೋದನು’ ಎಂಬಲ್ಲಿ ಕೂಡುವುದು ಬಾಲ ಮಾತ್ರ. ಅಂತ್ಯಪ್ರಾಸ ಬರೆಯುವ ಕನ್ನಡಿಗರು ಎಚ್ಚರ ವಹಿಸಬೇಕಾದ ಮುಖ್ಯ ಜಾಗ ಇದು. ಪ್ರತ್ಯಯವನ್ನು ಬೆರಳಿನಿಂದ ಮುಚ್ಚಿ ನೋಡಿ, ಉಳಿದ ಭಾಗ ಕೂಡದಿದ್ದರೆ ಪ್ರಾಸ ಇನ್ನೂ ಸಿಕ್ಕಿಲ್ಲವೆಂದೇ ಅರ್ಥ.

ಇದರಿಂದ ಪಾರಾಗಲು ಸಾಲುಗಳನ್ನು ನಾಮಪದದಲ್ಲಿ ಮುಗಿಸುವುದು ಒಂದು ಉಪಾಯ. ಕ್ರಿಯಾಪದವನ್ನು ಸಾಲಿನ ಒಳಕ್ಕೆ ತಳ್ಳಬಹುದು, ಕೆಲವೆಡೆ ಬಿಟ್ಟೇಬಿಡಬಹುದು. ಬಿಟ್ಟಾಗ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಹಾಗೆ ತಿದ್ದಿದ ಮೊದಲ ಪದ್ಯ ಇದು:

ಬಾಳೆ ದೊನ್ನೆಯೊಳಗೆ ದೀಪ
ವೇಳೆ ಸಂಜೆ, ಗುಡಿ ಸಮೀಪ
ಗಾಳಿ ಬರಲು ಕೈಯ ಗೋಡೆ ಕುಡಿಯ ಸುತ್ತಲು
ಮೂಳೆ ಕೊರೆವ ಚಳಿಯ ಕಾಲ
ನಾಳೆಗುಳಿದುದೆಣ್ಣೆ ಸಾಲ
ಏಳು ಮನೆಯ ದಾಟಿದಜ್ಜಿಗಿದಿರು ಕತ್ತಲು

ಆದಿಪ್ರಾಸ ‘ಳ’, ಹಿಂದಿನ ಅಕ್ಷರಗಳೆಲ್ಲ ದೀರ್ಘ: ಬಾಳೆ, ವೇಳೆ, ಗಾಳಿ, ಮೂಳೆ, ನಾಳೆ, ಏಳು. ಕೊನೆಯಲ್ಲಿ ದೀಪ-ಸಮೀಪ, ಕಾಲ-ಸಾಲ, ಸುತ್ತಲು-ಕತ್ತಲು. ‘ನಡೆದಳು’ ಹೋದಮೇಲೂ ಅಜ್ಜಿ ನಡೆಯುತ್ತಿರುವುದು ಏಳು ಮನೆಗಳಲ್ಲಿ ಗೊತ್ತಾಗುತ್ತದೆ. ‘ಕೈಯನೊಡ್ಡಿ’ ಎಂಬ ಕ್ರಿಯೆ ‘ಕೈಯ ಗೋಡೆ’ ಎಂಬ ವಸ್ತುವಾಯಿತು. ಮುಂದೆ ಅವಳು ತೆಗೆಯಬೇಕಾದದ್ದು ಈ ಗೋಡೆಯನ್ನೇ, ಆದ್ದರಿಂದ ಅದು ಮೊದಲ ಪದ್ಯದಲ್ಲೇ ಕೇಳುಗರ ಮನಸ್ಸಿನಲ್ಲಿ ಕೂರಬೇಕು. ಎಣ್ಣೆ ಸಾಲದ್ದೆಂಬ ವಿಷಯವೂ ಹಾಗೆಯೇ. ಕೊನೆಯಲ್ಲಿ ಹೇಳುವ ನೀತಿಗೆ ಬೇಕಾದ ಸಾಮಗ್ರಿಯನ್ನೆಲ್ಲ ಆರಂಭದಲ್ಲೇ ಇಟ್ಟುಬಿಡಬೇಕು, ಅದು ನೀತಿಯ ಸಾಮಗ್ರಿಯೆಂದು ಯಾರಿಗೂ ಗೊತ್ತಾಗದ ಹಾಗೆ.

ಎರಡನೆಯ ಪದ್ಯಕ್ಕೆ ಪ್ರಾಸಾಕ್ಷರ ಬದಲಿಸಿದೆ. ಈಗ ‘ರ’, ಹಿಂದೆ ಲಘು:

ಎರಡು ಕೇರಿಗೊಂದೆ ಹಬ್ಬ
ಮರದ ಕೆಳಗೆ ಹುಡುಗನೊಬ್ಬ
ಕಿರಿಯ ಹಣತೆಯಾರಿ ನಿಂತ, ಸೊಂಟದೆತ್ತರ
ಕೊರಳ ದನಿಯ ನುಂಗಿ ನಾಚಿ
ಬೆರಳ ತುದಿಯೊಳದನು ಚಾಚಿ
ಕರೆದನವನು ಅಜ್ಜಿಯೆಂದು, ಬಾರದುತ್ತರ

‘ನಾಚಿ-ಚಾಚಿ’ ಎರಡೂ ಕ್ರಿಯಾರೂಪಗಳೇ. ಆದರೆ ಇಲ್ಲಿ ಧಾತುವೇ ಕೂಡುತ್ತದೆ, ಕೊನೆಯ ‘ಇ’ಕಾರ ಮಾತ್ರ ಅಲ್ಲ, ಆದ್ದರಿಂದ ಉಳಿಸಿಕೊಂಡೆ. ಈ ಪದ್ಯದಲ್ಲಿ ನನಗೆ ಮುಖ್ಯವಾದದ್ದು ಆರನೆಯ ಸಾಲು. ಅಜ್ಜಿ ತಕ್ಷಣ ‘ಬಾ ಮಗು’ ಎಂದುಬಿಟ್ಟರೆ ಅವಳು ಒಳ್ಳೆಯವಳೆಂದು ಗೊತ್ತಾಗುತ್ತದೆ, ಕತೆ ಅಲ್ಲಿಗೆ ಮುಗಿಯುತ್ತದೆ. ಅವಳು ಸುಮ್ಮನಿದ್ದಾಳೆ, ಏಕೆಂದರೆ ಗಾಳಿಯಿದೆ, ಎಣ್ಣೆ ಸಾಲದ್ದು, ಗುಡಿ ಇನ್ನೇನು ಸಿಗಲಿದೆ. ‘ಎತ್ತರ’ ಎಂಬುದಕ್ಕೆ ‘ಉತ್ತರ’ ಕೂಡುವ ಜಾಗದಲ್ಲಿ ಉತ್ತರವೇ ಬಾರದೆ ಹೋಗುತ್ತದೆ. ಕಿವಿಗೆ ಪ್ರಾಸ ಮುಗಿಯಿತು, ಮನಸ್ಸಿಗೆ ಮುಗಿಯಲಿಲ್ಲ. ಮುಂದಿನ ಪದ್ಯಕ್ಕೆ ಕೇಳುಗರನ್ನು ದಾಟಿಸಲು ಇಷ್ಟು ಸಾಕು.

ಮೂರನೆಯ ಪದ್ಯದಲ್ಲಿ ಒಂದು ವ್ಯಾಕರಣದ ತೊಡಕು ಎದುರಾಯಿತು. ಮೊದಲ ಮೂರು ಸಾಲುಗಳ ಕರಡು ಹೀಗಿತ್ತು: ‘ಎಡದ ಕೈಯ ಮರೆಯ ಬಿಟ್ಟು, ಕುಡಿಗೆ ಕುಡಿಯ ತಾಗಲಿಟ್ಟು, ನಡುವೆ ತುಂಬಿತೆರಡು ಸೊಡರು ನಾಲ್ಕು ಕಂಗಳ’. ಹಾಡುವಾಗ ಇಂಪಾಗಿಯೇ ಇದೆ. ಆದರೆ ಬಿಟ್ಟವಳು, ಇಟ್ಟವಳು ಅಜ್ಜಿ. ತುಂಬಿದ್ದು ಸೊಡರು. ಒಂದೇ ವಾಕ್ಯದಲ್ಲಿ ಕರ್ತೃ ಬದಲಾಗಿ, ಸೊಡರೇ ಕೈಯನ್ನು ತೆಗೆದಂತಾಗಿದೆ. ಲಯದ ಸೆಳೆತದಲ್ಲಿ ಇಂಥ ತಪ್ಪುಗಳು ಕಣ್ಣಿಗೆ ಬೀಳುವುದಿಲ್ಲ. ಪದ್ಯವನ್ನು ಗದ್ಯವಾಗಿ ಬರೆದುಕೊಂಡಾಗ ಮಾತ್ರ ಕಾಣುತ್ತವೆ. ಹಳಗಾಲದ ಮೇಷ್ಟರುಗಳು ಪದ್ಯದ ಅನ್ವಯ ಮಾಡಿಸುತ್ತಿದ್ದುದು ಓದುವವರ ಅನುಕೂಲಕ್ಕಾಗಿ. ಬರೆಯುವವರಿಗೆ ಅದು ಇನ್ನೂ ಹೆಚ್ಚು ಬೇಕು. ‘ನಡುವೆ’ ಎಂಬುದನ್ನು ತೆಗೆದು ‘ಹಿಡಿಯೆ’ ಎಂದು ಹಾಕಿದರೆ ಮೂರು ಮಾತ್ರೆಗೆ ಮೂರು ಮಾತ್ರೆ, ‘ಡ’ಕಾರಕ್ಕೆ ‘ಡ’ಕಾರ. ಅವಳು ಹಾಗೆ ಹಿಡಿಯಲು ಕಣ್ಣು ತುಂಬಿದವು ಎಂದು ವಾಕ್ಯವೂ ನೆಟ್ಟಗಾಗುತ್ತದೆ:

ಎಡದ ಕೈಯ ಮರೆಯ ಬಿಟ್ಟು
ಕುಡಿಗೆ ಕುಡಿಯ ತಾಗಲಿಟ್ಟು
ಹಿಡಿಯೆ ತುಂಬಿತೆರಡು ಸೊಡರು ನಾಲ್ಕು ಕಂಗಳ
ಬಡವಿಯೆಣ್ಣೆಗಿಲ್ಲ ನಷ್ಟ
ಕೊಡುವ ಮುನ್ನವಷ್ಟೆ ಕಷ್ಟ
ಗುಡಿಯ ಮುಟ್ಟುವುದಕೆ ಮುನ್ನ ಬೆಳಗಿತಂಗಳ

ನಾಲ್ಕು, ಐದನೆಯ ಸಾಲುಗಳು ನೀತಿಯ ಹತ್ತಿರ ಸುಳಿಯುತ್ತವೆ. ಅಲ್ಲಿ ಮೊದಲು ‘ಕೊಡುವ ಕೈಗದಾವ ಕಷ್ಟ’ ಎಂದಿತ್ತು, ಅದು ಕೊಡುವವರ ಹೊಗಳಿಕೆ. ‘ಕೊಡುವ ಮುನ್ನವಷ್ಟೆ ಕಷ್ಟ’ ಎಂದಾಗ ಹಿಂದಿನ ಪದ್ಯದ ಮೌನಕ್ಕೆ ಅದು ಕಾರಣ ಕೊಡುತ್ತದೆ, ಅಜ್ಜಿಯ ಒಳಗಿನ ಮಾತಾಗುತ್ತದೆ. ಉಪದೇಶಕ್ಕೂ ಅನುಭವಕ್ಕೂ ಇರುವ ಅಂತರ ಇಷ್ಟು ಕಿರಿದು, ಒಂದೆರಡು ಗಣದಷ್ಟು.

ಈ ಪದ್ಯದ ಇನ್ನೊಂದು ವಿಷಯ ಗಮನಿಸಬೇಕು. ಅಜ್ಜಿ ಗುಡಿಯನ್ನು ತಲುಪಿಯೇ ಇಲ್ಲ. ಭಕ್ತಿಪದ್ಯವಾದ್ದರಿಂದ ಗರ್ಭಗುಡಿಯವರೆಗೆ ಅವಳನ್ನು ಕರೆದೊಯ್ದು ಮಂಗಳಾರತಿ ಮಾಡಿಸುವ ಆಸೆ ಸಹಜ. ಹಾಗೆ ಮಾಡಿದರೆ ಹುಡುಗನ ಭೇಟಿ ದಾರಿಯಲ್ಲಿನ ಒಂದು ತಡೆಯಾಗಿಬಿಡುತ್ತದೆ. ದೇವರು ಆ ಭೇಟಿಯಲ್ಲೇ ಇದ್ದನೆಂದು ಹೇಳಬೇಕಾದರೆ ಕತೆ ಅಂಗಳದಲ್ಲೇ ನಿಲ್ಲಬೇಕು. ಗುಡಿಯೊಳಗಿನ ದೇವರಿಗೆ ಕೊನೆಯ ಪದ್ಯವಿದೆ.

ಆ ಕೊನೆಯ ಪದ್ಯ ಈಗ ಸುಲಭವಾಗಿ ತುಂಬಿಕೊಂಡಿತು, ಏಕೆಂದರೆ ಅದರ ಆರನೆಯ ಸಾಲು, ಆದಿಪ್ರಾಸ, ‘ನೇಸರೆ’ ಎಂಬ ಸಂಬೋಧನೆ ಮೂರೂ ಮೊದಲೇ ಸಿದ್ಧವಾಗಿದ್ದವು:

ಒಳಗೆ ನಿಂತು ನೋಡುತಿದ್ದೆ
ಕಳೆಯಲೆಂದು ನಮ್ಮ ನಿದ್ದೆ
ಹೊಳೆವ ಹಣತೆಗೊಡೆಯನಾದ ಜಗದ ನೇಸರೆ
ಅಳೆದು ಮುಚ್ಚಿಯಿಟ್ಟ ಗಂಟು
ಕಳಚಿ ಹೋಗುವೊಂದು ನಂಟು
ಉಳಿವುದೊಂದೆ ಹಂಚಿಕೊಂಡ ಬೆಳಕಿನಾಸರೆ

ಇಲ್ಲಿಯವರೆಗೆ ಕತೆ ಹೇಳುತ್ತಿದ್ದ ದನಿ ಇದ್ದಕ್ಕಿದ್ದಂತೆ ದೇವರ ಕಡೆ ತಿರುಗುತ್ತದೆ. ಮೊದಲ ಮೂರು ಪದ್ಯಗಳಲ್ಲಿ ದೇವರ ಹೆಸರೇ ಇಲ್ಲ, ಗುಡಿ ಮಾತ್ರ ಇದೆ. ಕೊನೆಗೆ ‘ನೋಡುತಿದ್ದೆ’ ಎಂಬ ಒಂದು ಕ್ರಿಯಾಪದದಿಂದ ಅವನು ಮೊದಲಿನಿಂದಲೂ ಅಲ್ಲಿದ್ದನೆಂದು ತಿಳಿಯುತ್ತದೆ. ಈ ತಿರುವೇ ಕಥನವನ್ನು ಭಕ್ತಿಪದ್ಯವಾಗಿಸುತ್ತದೆ. ‘ಹರಿಭಕ್ತಿಸಾರ’ದಲ್ಲಿ ಕನಕದಾಸರು ಪ್ರತಿಯೊಂದು ಪದ್ಯವನ್ನೂ ರಕ್ಷಿಸು ಎಂಬ ಒಂದೇ ಬೇಡಿಕೆಯಲ್ಲಿ ಮುಗಿಸುತ್ತಾರೆ. ಅಲ್ಲಿ ದನಿ ಮೊದಲಿಂದ ಕೊನೆಯವರೆಗೆ ದೇವರ ಎದುರಿಗೇ ಇದೆ, ಪಲ್ಲವಿಯಂತೆ ಮರಳುವ ಮುಕ್ತಾಯ ಅದಕ್ಕೆ ಒಪ್ಪುತ್ತದೆ. ಕತೆ ಹೇಳುವ ಪದ್ಯದಲ್ಲಿ ಪ್ರತಿ ಸಲ ಹಾಗೆ ಮುಗಿಸಿದರೆ ಘಟನೆ ಮುಂದೆ ಸಾಗುವುದಿಲ್ಲ. ಎರಡರಲ್ಲಿ ಯಾವುದು ಬೇಕೆಂದು ಮೊದಲೇ ನಿರ್ಧರಿಸಬೇಕು.

ನೀತಿಯಲ್ಲಿ ‘ದಾನ’, ‘ಪುಣ್ಯ’ ಎಂಬ ಪದಗಳು ಬಂದಿಲ್ಲ. ‘ಅಳೆದು ಮುಚ್ಚಿಯಿಟ್ಟ’ ಎಂಬಲ್ಲಿ ಎಣ್ಣೆಯ ಲೆಕ್ಕವಿದೆ, ‘ಮುಚ್ಚಿ’ ಎಂಬಲ್ಲಿ ಗಾಳಿಗೆ ಅಡ್ಡ ಹಿಡಿದ ಕೈಯಿದೆ. ‘ಹಂಚಿಕೊಂಡ ಬೆಳಕು’ ಕುಡಿಗೆ ಕುಡಿ ತಾಗಿದ ಆ ಒಂದು ಕ್ಷಣದಿಂದ ಬಂದದ್ದು. ಬೇರೆ ಕತೆಗೆ ಅಂಟಿಸುವ ಪರೀಕ್ಷೆಯನ್ನು ಇದಕ್ಕೂ ಮಾಡಿ ನೋಡಬಹುದು. ಹಣತೆಯಿಲ್ಲದ ಕತೆಯಲ್ಲಿ ಈ ಸಾಲು ನಿಲ್ಲುವುದಿಲ್ಲ.

ಬರೆದು ಮುಗಿದಮೇಲೆ ಪದ್ಯವನ್ನು ಎರಡು ರೀತಿಯಲ್ಲಿ ಗಟ್ಟಿಯಾಗಿ ಓದಬೇಕು. ಒಮ್ಮೆ ತಾಳ ಹಾಕುತ್ತ, ಗಣಗಣವಾಗಿ ಒಡೆದು. ಆಗ ಲಯದ ತಪ್ಪು ಸಿಕ್ಕಿಬೀಳುತ್ತದೆ. ಇನ್ನೊಮ್ಮೆ ತಾಳವನ್ನು ಬಿಟ್ಟು, ಗಮಕಿಗಳು ಓದುವ ಹಾಗೆ ಅರ್ಥಕ್ಕೆ ತಕ್ಕಂತೆ ಪದಗಳನ್ನು ಬಿಡಿಸಿ. ಆಗ ಅರ್ಥದ ತಪ್ಪು ಸಿಗುತ್ತದೆ. ‘ದಾಟಿದಜ್ಜಿಗಿದಿರು’ ಎಂಬಂಥ ಸಂಧಿ ತಾಳದಲ್ಲಿ ಚೆನ್ನಾಗಿ ಹರಿದರೂ, ಬಿಡಿಸಿ ಓದುವಾಗ ಕೇಳುವವರಿಗೆ ‘ದಾಟಿದ ಅಜ್ಜಿಗೆ ಇದಿರು’ ಎಂದು ಹೊಳೆಯಬೇಕು. ಹೊಳೆಯದಿದ್ದರೆ ಸಾಲನ್ನು ಬದಲಿಸಬೇಕು. ಒಂದು ಪದ್ಯಕ್ಕೆ ಇಂಥದೊಂದು ಬಿಗಿಯಾದ ಸಂಧಿ ಸಾಕು, ಎರಡಾದರೆ ಕೇಳುಗರು ಹಿಂದೆ ಬೀಳುತ್ತಾರೆ.

ಉದ್ದ ಸಾಲುಗಳ ಕೊನೆಯ ಅಕ್ಷರಗಳನ್ನೂ ಒಮ್ಮೆ ಹಾಡಿ ನೋಡಬೇಕು. ನಮ್ಮ ನಾಲ್ಕು ಪದ್ಯಗಳಲ್ಲಿ ಅವು ಲು, ರ, ಳ, ರೆ. ಎಲ್ಲವೂ ಹ್ರಸ್ವ, ಹಾಡುವಾಗ ಎಳೆದು ಗುರುವಾಗುವಂಥವು. ‘ಲು’ ಎಳೆದರೆ ತುಟಿ ಮುಂದಾಗಿ ಮುಚ್ಚಿಕೊಳ್ಳುತ್ತದೆ, ‘ರ’ ಮತ್ತು ‘ಳ’ಗಳಿಗೆ ಬಾಯಿ ತೆರೆಯುತ್ತದೆ. ಕತ್ತಲಿನ ಪದ್ಯ ಮುಚ್ಚಿದ ಸ್ವರದಲ್ಲೂ ಅಂಗಳ ಬೆಳಗುವ ಪದ್ಯ ತೆರೆದ ಸ್ವರದಲ್ಲೂ ನಿಂತದ್ದು ಇಲ್ಲಿ ಅದೃಷ್ಟದಿಂದ ಆದದ್ದು. ಮುಂದಿನ ಪದ್ಯ ಕಟ್ಟುವಾಗ ಬೇಕೆಂದೇ ಮಾಡಬಹುದು.

ಭಜನೆಯಲ್ಲಿ ಹಾಡಲು ನಾಲ್ಕು ಪದ್ಯ ಸಾಲದೆನಿಸಿದರೆ ಬೆಳೆಸುವ ಜಾಗ ಎರಡನೆಯ ಮತ್ತು ಮೂರನೆಯ ಪದ್ಯಗಳ ನಡುವೆ ಇದೆ. ಅಜ್ಜಿ ಸುಮ್ಮನೆ ನಿಂತ ಆ ಹೊತ್ತಿನಲ್ಲಿ ಅವಳಿಗೆ ಏನೇನು ನೆನಪಾಯಿತು, ಎಣ್ಣೆ ಕೊಟ್ಟವರು ಯಾರು, ಈ ದೀಪವನ್ನು ಯಾವ ಹರಕೆಗೆ ಹಚ್ಚಿದ್ದಳು, ಇದೆಲ್ಲ ಇನ್ನೆರಡು ಪದ್ಯಗಳಿಗೆ ಸಾಕಾಗುವಷ್ಟಿದೆ. ಅವುಗಳಿಗೆ ‘ತ’ ಅಥವಾ ‘ನ’ಕಾರದ ಪ್ರಾಸ ಹಿಡಿದರೆ ಪದಗಳ ಕೊರತೆಯಾಗುವುದಿಲ್ಲ.